ಬೆರಳಿನ ಉಂಗುರಕ್ಕೆ ಬಹಿಷ್ಕಾರವೇಕೆ?

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಪಟ್ಟಿ ಸುತ್ತು ಹೊಡೆಯುತ್ತಿರುತ್ತದೆ. ‘ಈ ಇಮೋಜಿಗಳನ್ನು ಮರೆತೂ ಬಳಸಬೇಡಿ’ ಎಂಬುದು ಅದರ ತಲೆಬರಹ. ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಿದ 👌 ಅದರಲ್ಲಿ ಇದ್ದೇ ಇರುತ್ತದೆ. ಬ್ರೆಜಿಲ್‌ನಲ್ಲಿ ಇದು ಹೊಲಸು ಬೈಗುಳ, ಟರ್ಕಿಯಲ್ಲೂ ಹಾಗೆಯೇ, ಫ್ರಾನ್ಸಿನಲ್ಲಿ ‘ನೀನು ಸೊನ್ನೆ’ ಎಂಬ ತಿರಸ್ಕಾರ, ಅಮೆರಿಕದಲ್ಲಿ ಬಿಳಿಯರ ಜನಾಂಗದ್ವೇಷದ ಗುರುತು. ಆದ್ದರಿಂದ ಎಲ್ಲರೂ ಇದನ್ನು ಬಿಟ್ಟುಬಿಡಿ ಎಂದು ಪಟ್ಟಿ ಅಪ್ಪಣೆ ಕೊಡುತ್ತದೆ. ಪುಣೆ, ಹೈದರಾಬಾದುಗಳ ಆಫೀಸುಗಳಲ್ಲಿ ಕೂತು ಹೊರದೇಶದ ಗ್ರಾಹಕರೊಂದಿಗೆ ದಿನವಿಡೀ ಮಾತಾಡುವ ನಮ್ಮಂಥವರು ಅದನ್ನು ಓದಿ, ಮದುವೆ ಊಟದ ಫೋಟೋಕ್ಕೂ 👌 ಹಾಕಲು ಹಿಂಜರಿಯತೊಡಗುತ್ತೇವೆ.

ಪಟ್ಟಿಯಲ್ಲಿರುವ ಮಾಹಿತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆ ಮಾಹಿತಿಯಿಂದ ಹೊರಡಿಸುವ ಅಪ್ಪಣೆ ತಪ್ಪು ಎನ್ನುತ್ತಿದ್ದೇನೆ. ಬರೀ ತಪ್ಪಲ್ಲ, ದ್ವೇಷ ಹರಡುವವರಿಗೆ ಅದರಿಂದ ಸಹಾಯವೂ ಆಗುತ್ತದೆ.

ಮೊದಲು ಮಾಹಿತಿಯನ್ನೇ ನೋಡೋಣ. ಡೆಸ್ಮಂಡ್ ಮಾರಿಸ್ ಮತ್ತು ಅವರ ಸಂಗಡಿಗರು ಯುರೋಪಿನ ಮತ್ತು ಮೆಡಿಟರೇನಿಯನ್ ಕಡೆಯ 40 ಊರುಗಳಲ್ಲಿ 1200 ಜನರಿಗೆ 20 ಕೈಸನ್ನೆಗಳನ್ನು ತೋರಿಸಿ ‘ನಿಮ್ಮಲ್ಲಿ ಇದಕ್ಕೆ ಏನರ್ಥ?’ ಎಂದು ಕೇಳಿದರು. ಆ ಅಧ್ಯಯನ 1979ರಲ್ಲಿ ಪುಸ್ತಕವಾಗಿ ಬಂತು. ಉಂಗುರದ ಸನ್ನೆಗೆ ಅತಿ ಹೆಚ್ಚು ಜನ ಕೊಟ್ಟ ಉತ್ತರ ‘ಸರಿ, ಚೆನ್ನಾಗಿದೆ’ ಎಂಬುದೇ. ಗ್ರೀಸ್, ಟರ್ಕಿಗಳ ಕಡೆ ಅದು ದೇಹದ ರಂಧ್ರವನ್ನು ಸೂಚಿಸುವ ಬೈಗುಳವಾಗಿತ್ತು. ಫ್ರಾನ್ಸಿನ ಕಡೆ ಸೊನ್ನೆ ಎಂಬ ಅರ್ಥ ಬಲವಾಗಿತ್ತು. ಪಟ್ಟಿ ಮಾಡುವವರು ಬಿಟ್ಟುಬಿಡುವ ಸಂಗತಿ ಇನ್ನೊಂದಿದೆ. ಒಂದೇ ಊರಿನಲ್ಲಿ ಒಬ್ಬರು ‘ಸರಿ’ ಎಂದರೆ ಇನ್ನೊಬ್ಬರು ‘ಸೊನ್ನೆ’ ಎಂದರು. ಫ್ರೆಂಚರು ಎರಡೂ ಅರ್ಥ ಬಲ್ಲರು. ಎದುರಿನವನ ಮುಖ ನಗುತ್ತಿದೆಯೋ ಸೊಟ್ಟಗಿದೆಯೋ ನೋಡಿ ಯಾವುದೆಂದು ತಿಳಿದುಕೊಳ್ಳುತ್ತಾರೆ. ಅಂದರೆ ‘ಫ್ರಾನ್ಸಿನಲ್ಲಿ ಇದರರ್ಥ ಇಷ್ಟೇ’ ಎಂಬ ಪಟ್ಟಿಯ ಸಾಲು ಫ್ರಾನ್ಸಿನ ಮಟ್ಟಿಗೇ ಪೂರ್ತಿ ನಿಜವಲ್ಲ.

ಇದು ಹೊರನಾಡ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾದ ವಿಷಯವಲ್ಲ. ನಮಗೂ ಮರಾಠಿಗರಿಗೂ ಶಿಕ್ಷೆ ಎಂದರೆ ದಂಡನೆ. ದೆಹಲಿಯಲ್ಲಿ ಅದೇ ‘ಶಿಕ್ಷಾ’ ಎಂದರೆ ವಿದ್ಯೆ. ನಮ್ಮಲ್ಲಿ ಉಪನ್ಯಾಸ ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿ ಕಾಫಿಗೆ ಏಳುತ್ತಾರೆ, ಹಿಂದಿಯವರ ಉಪನ್ಯಾಸವನ್ನು ಓದಿ ಮುಗಿಸಲು ವಾರ ಬೇಕು, ಅದು ಕಾದಂಬರಿ. ಸರ್ವ ಶಿಕ್ಷಾ ಅಭಿಯಾನ ಎಂಬ ಹೆಸರು ಮೊದಲು ಕಿವಿಗೆ ಬಿದ್ದಾಗ ಎಲ್ಲರಿಗೂ ದಂಡನೆಯೇ ಎಂದು ನಕ್ಕ ಕನ್ನಡಿಗರು ಎಷ್ಟಿಲ್ಲ? ಹಾಗೆಂದು ದೆಹಲಿಯವರು ಆ ಪದ ಬಿಡಬೇಕೆಂದು ನಾವು ಹಟ ಹಿಡಿಯಲಿಲ್ಲ. ಯಾರ ಬಾಯಲ್ಲಿ ಯಾವ ಅರ್ಥ ಎಂದು ಕಲಿತುಕೊಂಡೆವು. ಪದಕ್ಕೆ ತೋರಿಸಿದ ಈ ವಿವೇಕವನ್ನು ಬೆರಳಿಗೂ ತೋರಿಸಲು ಏನಡ್ಡಿ?

ಅಡ್ಡಿ ಇದೆ, ಅದು ಇಮೋಜಿಯ ಸ್ವಭಾವದಲ್ಲೇ ಇದೆ ಎಂದು ಎದುರುವಾದಿಗಳು ಹೇಳಬಹುದು. ಅದರಲ್ಲಿ ಹುರುಳಿದೆ. ಎದುರಿಗೆ ಕೈಸನ್ನೆ ಮಾಡುವಾಗ ಮುಖ ಕಾಣುತ್ತದೆ, ಅಂಗೈ ಯಾವ ಕಡೆಗಿದೆ ಎಂದು ಕಾಣುತ್ತದೆ, ಕೈ ಅಲುಗಿದ್ದು ಕಾಣುತ್ತದೆ. ಜಪಾನಿನಲ್ಲಿ ಇದೇ ಉಂಗುರವನ್ನು ಅಂಗೈ ಮೇಲಾಗಿ ಅಡ್ಡಕ್ಕೆ ಹಿಡಿದರೆ ‘ದುಡ್ಡು’, ಬೆರಳು ನಾಣ್ಯದ ಆಕಾರ ತಾಳುತ್ತದೆ. ನೆಟ್ಟಗೆ ಹಿಡಿದರೆ ‘ಓಕೆ’. ಇಮೋಜಿ ಈ ವ್ಯತ್ಯಾಸಗಳನ್ನೆಲ್ಲ ಅಳಿಸಿ ಒಂದೇ ಭಂಗಿಯನ್ನು ಹೆಪ್ಪುಗಟ್ಟಿಸಿದೆ. 2010ರಲ್ಲಿ ಯೂನಿಕೋಡ್ 6.0 ಆವೃತ್ತಿಗೆ ಸೇರುವಾಗ ಇದಕ್ಕೆ ಸಿಕ್ಕ ಸಂಖ್ಯೆ U+1F44C, ಇಟ್ಟ ಹೆಸರು ‘ಓಕೆ ಕೈಸನ್ನೆ’. ಜಪಾನಿನ ಮೊಬೈಲು ಕಂಪನಿಗಳ ಹಳೆಯ ಚಿತ್ರಗಳಿಂದ ಬಂದದ್ದು. ಹೆಸರು ಗುರುತಿಗೆ ಮಾತ್ರ, ಅರ್ಥಕ್ಕೆ ಬೀಗ ಹಾಕಲು ಅಲ್ಲ. ಮತ್ತು ಒಮ್ಮೆ ಸೇರಿದ ಅಕ್ಷರವನ್ನು ಯೂನಿಕೋಡ್ ಎಂದೂ ತೆಗೆದುಹಾಕುವುದಿಲ್ಲ, ಅದು ಅವರ ನಿಯಮ. ಆದ್ದರಿಂದ ‘ಇದನ್ನು ಕೀಬೋರ್ಡಿನಿಂದಲೇ ಕಿತ್ತುಹಾಕಿ’ ಎನ್ನುವವರ ಕೂಗು ಗಾಳಿಗೆ ಗುದ್ದಿದ ಹಾಗೆ. ಮುಖ ಕಾಣದ ಕಡೆ ಉಳಿಯುವುದು ಸುತ್ತಲಿನ ಮಾತು ಮಾತ್ರ. ಅದನ್ನು ಓದುವ ಅಭ್ಯಾಸವೇ ನಮಗೆ ಬೇಕಾದದ್ದು.

ಅದನ್ನು ಓದದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಥೆಗಿಂತ ದೊಡ್ಡ ಪಾಠವಿಲ್ಲ.

2017ರ ಫೆಬ್ರವರಿಯಲ್ಲಿ ಫೋರ್‌ಚಾನ್ ಎಂಬ ಅನಾಮಧೇಯರ ತಾಣದಲ್ಲಿ ಒಬ್ಬ ಒಂದು ಕುಚೋದ್ಯ ಹೂಡಿದ. ಅದಕ್ಕೆ ‘ಆಪರೇಷನ್ ಓ-ಕೆಕೆಕೆ’ ಎಂದು ಹೆಸರು. ಉಪಾಯ ಇಷ್ಟು: ಚಾಚಿದ ಮೂರು ಬೆರಳು ಡಬ್ಲ್ಯೂ ಅಕ್ಷರ, ಉಂಗುರ ಮತ್ತು ಮಣಿಕಟ್ಟು ಸೇರಿ ಪಿ ಅಕ್ಷರ, ಎರಡೂ ಕೂಡಿದರೆ ‘ವೈಟ್ ಪವರ್’ ಎಂದು ಚಿತ್ರ ಬಿಡಿಸಿ ತೋರಿಸುವುದು; ನಕಲಿ ಖಾತೆಗಳಿಂದ ‘ಈ ಸನ್ನೆ ಜನಾಂಗದ್ವೇಷದ್ದು’ ಎಂದು ಟ್ವಿಟ್ಟರ್ ತುಂಬ ಬೊಬ್ಬೆ ಹಾಕುವುದು; ಉದಾರವಾದಿಗಳು ನಂಬಿ ಗಾಬರಿಯಾದಾಗ ಕೈ ತಟ್ಟಿ ನಗುವುದು. ಜನ ನಂಬಿದರು, ಗಾಬರಿಯಾದರು. ಆ ಗಾಬರಿಯನ್ನು ಕಂಡು ನಿಜವಾದ ಬಲಪಂಥೀಯ ಉಗ್ರರು ಫೋಟೋಗಳಿಗೆ ಈ ಸನ್ನೆ ಹಿಡಿದು ನಿಲ್ಲತೊಡಗಿದರು. ಕೇಳಿದರೆ ‘ಅಯ್ಯೋ, ಬರೀ ಓಕೆ ಅಂದೆವು’ ಎಂದು ಜಾರಿಕೊಳ್ಳಬಹುದು, ತಮ್ಮವರಿಗೆ ಮಾತ್ರ ಅರ್ಥ ತಲುಪುತ್ತದೆ. ಕುಚೋದ್ಯ ಹೀಗೆ ನಿಜವಾಯಿತು. 2019ರ ಮಾರ್ಚಿನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರ ಸಾವಿಗೆ ಕಾರಣನಾದ ಹಂತಕ ಮರುದಿನ ಕೋರ್ಟಿನಲ್ಲಿ, ಕೈಕೋಳ ತೊಟ್ಟೇ, ಈ ಉಂಗುರ ತೋರಿಸಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಆಂಟಿ ಡಿಫಮೇಷನ್ ಲೀಗ್ ಇದನ್ನು ತನ್ನ ದ್ವೇಷಚಿಹ್ನೆಗಳ ಪಟ್ಟಿಗೆ ಸೇರಿಸಿತು.

ಸೇರಿಸುವಾಗ ಆ ಸಂಸ್ಥೆ ಒಂದು ಎಚ್ಚರಿಕೆ ಕೊಟ್ಟಿತ್ತು: ಬಹುಪಾಲು ಜನ ಇದನ್ನು ಇಂದಿಗೂ ಒಪ್ಪಿಗೆಗೇ ಬಳಸುತ್ತಾರೆ, ಸಂದರ್ಭದ ಬೇರೆ ಪುರಾವೆ ಇಲ್ಲದೆ ಯಾರ ಮೇಲೂ ಆರೋಪ ಹೊರಿಸಬೇಡಿ ಎಂಬ ಧಾಟಿಯ ಮಾತು ಅದು. ನಮ್ಮ ಗುಂಪುಗಳಿಗೆ ಬರುವ ಪಟ್ಟಿಯಲ್ಲಿ ಮೊದಲರ್ಧ ಮಾತ್ರ ಇರುತ್ತದೆ, ಎಚ್ಚರಿಕೆ ದಾರಿಯಲ್ಲೇ ಉದುರಿಹೋಗಿರುತ್ತದೆ.

ಉದುರಿದ್ದರ ಬೆಲೆ ತೆತ್ತವರು ಯಾರು? ದ್ವೇಷ ಹರಡಿದವರಲ್ಲ. 2020ರಲ್ಲಿ ಸ್ಯಾನ್ ಡಿಯಾಗೊದ ಒಂದು ವಿದ್ಯುತ್ ಕಂಪನಿಯ ನೌಕರ ಟ್ರಕ್ಕಿನ ಕಿಟಕಿಯಿಂದ ಕೈ ಇಳಿಬಿಟ್ಟುಕೊಂಡು ಹೋಗುತ್ತಿದ್ದ. ಬೆರಳುಗಳು ಉಂಗುರದ ಹಾಗೆ ಕಂಡವು ಎಂದು ಹಿಂದೆ ಬಂದವನೊಬ್ಬ ಫೋಟೋ ತೆಗೆದು ಟ್ವಿಟ್ಟರಿಗೆ ಹಾಕಿದ. ಬೆರಳು ನೆಟಿಕೆ ತೆಗೆಯುತ್ತಿದ್ದೆ ಎಂದು ನೌಕರ ಹೇಳಿಕೊಂಡ. ಆತ ಬಿಳಿಯನೂ ಅಲ್ಲ, ಮೆಕ್ಸಿಕೋ ಮೂಲದ ಕುಟುಂಬದವನು. ಆದರೂ ಕೆಲಸ ಹೋಯಿತು. ಫೋಟೋ ಹಾಕಿದವನು ಆಮೇಲೆ ತಾನು ಅತಿ ಮಾಡಿದೆನೇನೋ ಎಂದು ಒಪ್ಪಿಕೊಂಡ, ಕೆಲಸ ಮಾತ್ರ ಮರಳಿ ಬರಲಿಲ್ಲ. ಫೋರ್‌ಚಾನಿನ ಹುಡುಗರು ಎಣಿಸಿದ್ದಕ್ಕಿಂತ ಹೆಚ್ಚಿನ ಫಲ ಇದು. ದ್ವೇಷಿಗಳನ್ನು ಹಿಡಿಯಲು ಹೊರಟವರು ದ್ವೇಷಿಗಳೇ ಹೆಣೆದ ಬಲೆಯಲ್ಲಿ ಒಬ್ಬ ಕೂಲಿಕಾರನನ್ನು ಹಿಡಿದು ತಂದರು.

‘ಯಾರಿಗಾದರೂ ನೋವಾಗಬಹುದಾದರೆ ಒಂದು ಚಿತ್ರ ಬಿಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಮನಸ್ಸಿನ ಪ್ರಶ್ನೆ. ಆದರೆ ಅದೇ ತರ್ಕವನ್ನು ಕೊನೆಯವರೆಗೆ ಎಳೆದು ನೋಡಿ. ಗ್ರೀಸಿನಲ್ಲಿ ಬೆರಳು ಬಿಡಿಸಿದ ಅಂಗೈಯನ್ನು ಮುಖಕ್ಕೆ ಒಡ್ಡುವುದು ಹಳೆಯ ಬೈಗುಳ. ಹಾಗಾದರೆ ನಮ್ಮ ಅಭಯಹಸ್ತವನ್ನೂ ಇಳಿಸೋಣವೇ? ದಕ್ಷಿಣಾಮೂರ್ತಿಯ ಚಿನ್ಮುದ್ರೆಯಲ್ಲೂ ಹೆಬ್ಬೆರಳಿಗೆ ತೋರುಬೆರಳು ಸೇರಿದೆ. ಭರತನಾಟ್ಯದ ಹಂಸಾಸ್ಯವೂ ಅದೇ ಅಚ್ಚು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಇಳಿದವರಿಗೆ ಗೊತ್ತು, ನೀರೊಳಗೆ ‘ನಾನು ಸರಿಯಾಗಿದ್ದೇನೆ’ ಎನ್ನಲು ಉಂಗುರವನ್ನೇ ತೋರಿಸಬೇಕು. ಭೂಮಿಯ ಮೇಲೆ ‘ಸೈ’ ಎನ್ನುವ ಹೆಬ್ಬೆರಳನ್ನು ಅಲ್ಲಿ ಎತ್ತಿದರೆ ‘ಮೇಲೆ ಹೋಗೋಣ’ ಎಂದಾಗುತ್ತದೆ, ಜೊತೆಗಾರ ನಿಮ್ಮನ್ನು ಮೇಲಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಉಂಗುರ ಬಿಡುವುದೇ ಅಪಾಯ. ಎಲ್ಲೋ ಒಂದು ಕಡೆ ಕೆಟ್ಟದ್ದು ಎಂದು ಎಲ್ಲ ಕಡೆ ಬಿಡುತ್ತಾ ಹೋದರೆ ಕೊನೆಗೆ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಬೇಕಾದೀತು.

ನಾವು ಬಿಟ್ಟ ಮಾತ್ರಕ್ಕೆ ಸನ್ನೆ ಸಾಯುವುದೂ ಇಲ್ಲ. ಒಳ್ಳೆಯ ಅರ್ಥದಲ್ಲಿ ಬಳಸುವವರೆಲ್ಲ ಕೈ ಹಿಂತೆಗೆದ ದಿನ ಅದು ಕೆಟ್ಟ ಅರ್ಥದವರ ಸ್ವಂತ ಆಸ್ತಿಯಾಗುತ್ತದೆ. ಕೋಟಿಗಟ್ಟಲೆ ಜನ ಇದನ್ನು ‘ಬೊಂಬಾಟ್’ ಎನ್ನಲು ಬಳಸುತ್ತಿರುವವರೆಗೆ ದ್ವೇಷಿಯ ಗುಟ್ಟಿನ ಗುರುತು ಗುಟ್ಟಾಗಿಯೂ ಉಳಿಯುವುದಿಲ್ಲ, ಗುರುತಾಗಿಯೂ ನಿಲ್ಲುವುದಿಲ್ಲ.

ಹಾಗಾದರೆ ಬ್ರೆಜಿಲಿನ ಸಹೋದ್ಯೋಗಿಗೆ ಮುಜುಗರವಾದರೆ ಆಗಲಿ ಎನ್ನುತ್ತೇನೆಯೇ? ಇಲ್ಲ. ಪರಿಚಯವಿಲ್ಲದ ಹೊರದೇಶದವರಿಗೆ ಕೆಲಸದ ಮಾತಿನಲ್ಲಿ ಬೆರಳು ಕಳಿಸದೆ ‘ಸರಿ, ಒಪ್ಪಿಗೆ’ ಎಂದು ಅಕ್ಷರದಲ್ಲಿ ಬರೆಯಿರಿ. ಅದು ಹೆದರಿಕೆಯಲ್ಲ, ಮನೆಗೆ ಬಂದವರ ಪಥ್ಯ ಕೇಳಿ ಅಡಿಗೆ ಮಾಡುವ ಮರ್ಯಾದೆ. ಒಬ್ಬರ ಪಥ್ಯಕ್ಕಾಗಿ ಊರಿಗೆಲ್ಲ ಉಪ್ಪು ನಿಲ್ಲಿಸುವುದಿಲ್ಲ, ಅಷ್ಟೇ. ಬೇರೆಯವರು ಕಳಿಸಿದ 👌 ಅನುಮಾನ ಹುಟ್ಟಿಸಿದರೆ ಮೂರು ವಿಷಯ ನೋಡಿ: ಕಳಿಸಿದವರು ಯಾರು, ಯಾವ ಮಾತಿಗೆ ಉತ್ತರವಾಗಿ ಕಳಿಸಿದರು, ಅದರ ಅಕ್ಕಪಕ್ಕ ಇನ್ನೇನಿದೆ. ವಲಸಿಗರನ್ನು ಹೀಯಾಳಿಸುವ ಬರಹದ ತುದಿಯಲ್ಲಿ ಅದು ಕೂತಿದ್ದರೆ ದೂರು ಕೊಡಿ. ದೂರು ಬರಹದ ಮೇಲಿರಲಿ, ಬೆರಳಿನ ಮೇಲಲ್ಲ. ಚಿತ್ರಾನ್ನದ ಫೋಟೋದ ಕೆಳಗೆ ಕೂತಿದ್ದರೆ ಅದು ಚಿತ್ರಾನ್ನದ ಬಗ್ಗೆಯೇ.

ಮುಂದಿನ ಸಲ ಆ ಪಟ್ಟಿ ನಿಮ್ಮ ಗುಂಪಿಗೆ ಬಂದಾಗ ಮುಂದಕ್ಕೆ ತಳ್ಳುವ ಮೊದಲು ಕಳಿಸಿದವರನ್ನು ಕೇಳಿ: ಇದನ್ನು ಯಾವ ಊರಲ್ಲಿ, ಯಾರು, ಯಾರಿಗೆ, ಯಾವಾಗ ಬೈಗುಳವಾಗಿ ಬಳಸಿದ್ದು? ಉತ್ತರ ಬಂದರೆ ನಮಗೊಂದು ವಿಷಯ ತಿಳಿಯಿತು. ಬಾರದಿದ್ದರೆ ಪಟ್ಟಿ ಅಲ್ಲಿಗೇ ನಿಲ್ಲಲಿ.