ಸಿಸ್ಟರ್‌ಗಳ ಡ್ಯೂಟಿ ಚಾರ್ಟ್ ಕಂಪ್ಯೂಟರ್ ಹಾಕಿದರೆ ಪಕ್ಷಪಾತವೇ ಇರುವುದಿಲ್ಲವೇ?

"ಇನ್ನು ಮುಂದೆ ಆಸ್ಪತ್ರೆಯಲ್ಲಿ ನರ್ಸ್‌ಗಳ ಡ್ಯೂಟಿಯನ್ನು ಕಂಪ್ಯೂಟರೇ ಹಾಕುತ್ತದೆ, ಯಾರ ಶಿಫಾರಸೂ ನಡೆಯುವುದಿಲ್ಲ, ತಪ್ಪೂ ಆಗುವುದಿಲ್ಲ." ಇಂಥ ಮಾತು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದಕ್ಕೆ ಉಲ್ಟಾ ಮಾತೂ ಇದೆ: "ಕಂಪ್ಯೂಟರ್‌ಗೆ ಕರುಣೆ ಇಲ್ಲ, ಹಬ್ಬದ ದಿನವೂ ನೈಟ್ ಡ್ಯೂಟಿ ಹಾಕಿಬಿಡುತ್ತದೆ." ಎರಡರಲ್ಲೂ ಅರ್ಧ ಮಾತ್ರ ನಿಜ. ಹೇಗೆ ಅಂತ ಒಂದು ವಾರ್ಡ್ ಇಟ್ಟುಕೊಂಡೇ ನೋಡೋಣ ಬನ್ನಿ.

ಈ ಕೆಲಸ ಮಾಡುವ ತಂತ್ರಾಂಶಕ್ಕೆ ಸಾಲ್ವರ್ ಎನ್ನುತ್ತಾರೆ. ಗೂಗಲ್ ಉಚಿತವಾಗಿ ಕೊಡುವ ಓಆರ್-ಟೂಲ್ಸ್‌ನಲ್ಲಿ ಇಂಥದ್ದೊಂದು ಇದೆ, ಅದರ ಕಲಿಕೆಯ ಪುಟದಲ್ಲಿ ಉದಾಹರಣೆಯಾಗಿ ಕೊಟ್ಟಿರುವುದೂ ನರ್ಸ್‌ಗಳ ಡ್ಯೂಟಿ ಚಾರ್ಟೇ. ಸಾಲ್ವರ್‌ಗೆ ನಾವು ಎರಡು ಬಗೆಯ ಮಾತು ಹೇಳಬೇಕು. ಒಂದು, ಏನೇ ಆದರೂ ಮುರಿಯಬಾರದ ನಿಯಮ. ಇನ್ನೊಂದು, ಆದರೆ ಒಳ್ಳೆಯದು, ಆಗದಿದ್ದರೆ ಇಷ್ಟು ದಂಡ ಎಂದು ಅಂಕ ಹಾಕಿದ ಆಸೆ. ಸಾಲ್ವರ್ ಮೊದಲನೆಯದನ್ನು ಪೂರ್ತಿ ಪಾಲಿಸುತ್ತದೆ, ಎರಡನೆಯದರಲ್ಲಿ ಒಟ್ಟು ದಂಡ ಆದಷ್ಟು ಕಡಿಮೆಯಾಗುವ ಹಾಗೆ ಚಾರ್ಟ್ ಜೋಡಿಸುತ್ತದೆ. ಅದಕ್ಕೆ ಗೊತ್ತಿರುವುದು ಇಷ್ಟೇ.

ಆರು ಜನರ ವಾರ್ಡ್

ಹಾಸನದ ಕಡೆಯ ಒಂದು ಆಸ್ಪತ್ರೆಯ ವಾರ್ಡ್ ಅಂದುಕೊಳ್ಳಿ. ಬೆಳಗಿನ ಡ್ಯೂಟಿ 8ರಿಂದ 2, ಮಧ್ಯಾಹ್ನದ್ದು 2ರಿಂದ 8, ನೈಟ್ ರಾತ್ರಿ 8ರಿಂದ ಮರುದಿನ ಬೆಳಗ್ಗೆ 8. ಬೆಳಗ್ಗೆ ಇಬ್ಬರು, ಮಧ್ಯಾಹ್ನ ಇಬ್ಬರು, ರಾತ್ರಿ ಒಬ್ಬರು ಬೇಕು. ಅಂದರೆ ದಿನಕ್ಕೆ 5 ಡ್ಯೂಟಿ. ಇರುವವರು 6 ಸಿಸ್ಟರ್.

ಮುರಿಯಬಾರದ ನಿಯಮಗಳಲ್ಲಿ ಮುಖ್ಯವಾದದ್ದು ವಿಶ್ರಾಂತಿಯ ಅಂತರ. ಯುರೋಪ್ ಒಕ್ಕೂಟದ 2003ರ ಕೆಲಸದ ವೇಳೆಯ ನಿಯಮದಲ್ಲಿ ದಿನಕ್ಕೆ ಸತತ 11 ಗಂಟೆ ಬಿಡುವು ಸಿಗಬೇಕೆಂದಿದೆ. ಅದನ್ನೇ ಇಲ್ಲಿ ಇಟ್ಟುಕೊಳ್ಳೋಣ. ಮಧ್ಯಾಹ್ನದ ಡ್ಯೂಟಿ ರಾತ್ರಿ 8ಕ್ಕೆ ಮುಗಿಸಿ ಮರುದಿನ ಬೆಳಗ್ಗೆ 8ಕ್ಕೆ ಬಂದರೆ 12 ಗಂಟೆ ಬಿಡುವು, ಪರವಾಗಿಲ್ಲ. ನೈಟ್ ಮುಗಿಸಿ ಬೆಳಗ್ಗೆ 8ಕ್ಕೆ ಹೊರಟವರು ಅದೇ ದಿನ ಮಧ್ಯಾಹ್ನ 2ಕ್ಕೆ ಬರುವ ಹಾಗಿಲ್ಲ, ಬಿಡುವು ಬರೀ 6 ಗಂಟೆ. ಆದರೆ ಅದೇ ದಿನ ರಾತ್ರಿ 8ಕ್ಕೆ ಇನ್ನೊಂದು ನೈಟ್‌ಗೆ ಬರಬಹುದು. ಸಾಲ್ವರ್‌ಗೆ ಈ ನಿಯಮವನ್ನು ಬರೆಯುವುದು ಹೀಗೆ:

```
model.Add(night[n, d] + morning[n, d+1] <= 1)
model.Add(night[n, d] + noon[n, d+1] <= 1)
```

ಪ್ರತಿ ಸಿಸ್ಟರ್‌ಗೂ ಪ್ರತಿ ಡ್ಯೂಟಿಗೂ ಒಂದೊಂದು ಖಾನೆ. ಡ್ಯೂಟಿ ಇದ್ದರೆ 1, ಇಲ್ಲದಿದ್ದರೆ 0. ಇಂದಿನ ನೈಟ್, ನಾಳೆಯ ಬೆಳಗ್ಗೆ ಎರಡೂ ಸೇರಿ ಒಂದನ್ನು ಮೀರಬಾರದು ಎನ್ನುತ್ತದೆ ಮೊದಲ ಸಾಲು. ಎರಡನೆಯದು ಮಧ್ಯಾಹ್ನಕ್ಕೆ.

ಈ ವಾರ್ಡ್‌ಗೆ ಚಾರ್ಟ್ ಹಾಕಲು ಸಾಧ್ಯವೇ? ಸಾಧ್ಯ, ಕೈಯಲ್ಲೇ ಹಾಕಬಹುದು. ಬೆಳಗ್ಗೆ, ಬೆಳಗ್ಗೆ, ಮಧ್ಯಾಹ್ನ, ಮಧ್ಯಾಹ್ನ, ನೈಟ್, ಆಫ್ ಎಂಬ ಆರು ದಿನದ ಚಕ್ರ ಮಾಡಿ, ಒಬ್ಬೊಬ್ಬರನ್ನು ಒಂದೊಂದು ದಿನ ಮುಂದಿಟ್ಟು ಕೂರಿಸಿದರೆ ಸರಿಯಾಗಿ ಹೊಂದುತ್ತದೆ. ಅನುಭವಿ ಹೆಡ್ ಸಿಸ್ಟರ್‌ಗಳಿಗೆ ಇದು ಬಾಯಿಪಾಠ. ಆದರೆ ಗಮನಿಸಿ, ಇಲ್ಲಿ ಸಿಗುವ ಒಂದೇ ಆಫ್ ಎಂದರೆ ರಾತ್ರಿಯಿಡೀ ಎದ್ದಿದ್ದು ಬೆಳಗ್ಗೆ ಮನೆಗೆ ಬಂದ ದಿನ. ಕಾಗದದ ಮೇಲೆ ಅದು ರಜೆ, ಮನೆಯಲ್ಲಿ ಅದು ನಿದ್ದೆ.

ಈಗ ಒಬ್ಬರು ಒಂದು ದಿನ ಸಿ.ಎಲ್. ಕೇಳಿದರು. ಅಂದು ಉಳಿದ ಐವರೂ ಕೆಲಸಕ್ಕೆ ಬರಬೇಕು. ಅದರಲ್ಲಿ ಒಬ್ಬರು ಹಿಂದಿನ ರಾತ್ರಿ ನೈಟ್ ಮಾಡಿದವರು, ಅವರು ಬೆಳಗ್ಗೆಗೂ ಬರುವಂತಿಲ್ಲ, ಮಧ್ಯಾಹ್ನಕ್ಕೂ ಬರುವಂತಿಲ್ಲ. ಹಾಗಾಗಿ ಅವರೇ ಮತ್ತೆ ನೈಟ್ ಮಾಡಬೇಕು, ಬೇರೆ ದಾರಿ ಇಲ್ಲ. ಒಬ್ಬರ ಸಿ.ಎಲ್. ಇನ್ನೊಬ್ಬರ ಎರಡನೇ ನೈಟ್ ಆಗಿ ಬದಲಾಗುವುದು ಹೀಗೆ. ಇದರಲ್ಲಿ ಹೆಡ್ ಸಿಸ್ಟರ್ ಯಾರಿಗೂ ಸೇಡು ತೀರಿಸುತ್ತಿಲ್ಲ. ಲೆಕ್ಕದಲ್ಲಿ ಬೇರೆ ಜಾಗವೇ ಇಲ್ಲ.

ಒಬ್ಬರು ಹೆರಿಗೆ ರಜೆಗೆ ಹೋದರೆ? 5 ಡ್ಯೂಟಿ, 5 ಜನ. ಯಾರಿಗೂ ಒಂದು ದಿನವೂ ಆಫ್ ಇಲ್ಲ. ವಾರಕ್ಕೊಂದು ಆಫ್ ಎಂಬ ನಿಯಮವೂ ಇದ್ದರೆ ಸಾಲ್ವರ್ ಪರದೆಯ ಮೇಲೆ `INFEASIBLE` ಎಂದು ತೋರಿಸುತ್ತದೆ. ಅದರರ್ಥ "ನನಗೆ ಗೊತ್ತಾಗಲಿಲ್ಲ" ಎಂದಲ್ಲ (ಅದಕ್ಕೆ `UNKNOWN` ಎಂಬ ಬೇರೆ ಉತ್ತರ ಇದೆ). ನೀವು ಕೊಟ್ಟ ನಿಯಮಗಳಿಗೆ ಹೊಂದುವ ಚಾರ್ಟ್ ಇರಲು ಸಾಧ್ಯವೇ ಇಲ್ಲ ಎಂದು ಅದು ಸಾಧಿಸಿ ತೋರಿಸಿದೆ ಎಂದರ್ಥ. ಜನ ಕಡಿಮೆ ಇರುವ ಕಡೆ ಒಳ್ಳೆಯ ತಂತ್ರಾಂಶ ತಂದರೆ ಸರಿಹೋಗುತ್ತದೆ ಎಂಬ ಮಾತಿಗೆ ಇದೇ ಉತ್ತರ.

ಎಡವಟ್ಟು ಆಗುವುದು ಇಲ್ಲಿಂದ ಮುಂದೆ. ಖಾಲಿ ಪರದೆ ನೋಡಿ ಬೇಸತ್ತವರು ವಿಶ್ರಾಂತಿಯ ನಿಯಮವನ್ನೇ ಆಸೆಗಳ ಪಟ್ಟಿಗೆ ಸೇರಿಸಿ, ಮುರಿದರೆ 1000 ದಂಡ ಎಂದು ಬರೆದುಬಿಡುತ್ತಾರೆ. ಈಗ ಸಾಲ್ವರ್ ಚೆಂದದ ಚಾರ್ಟ್ ಕೊಡುತ್ತದೆ, `OPTIMAL` ಎಂದೂ ಹೇಳುತ್ತದೆ. ಒಳಗೆ ಎಲ್ಲೋ ಒಬ್ಬ ಸಿಸ್ಟರ್ ನೈಟ್ ಮುಗಿಸಿ ಮಧ್ಯಾಹ್ನ 2ಕ್ಕೆ ಮತ್ತೆ ಬರಬೇಕಾಗಿರುತ್ತದೆ. ಅದನ್ನು ಪತ್ತೆ ಹಚ್ಚುವುದು ಸುಲಭ: ಒಟ್ಟು ದಂಡ ಎಷ್ಟು ಬಂತು ಎಂದು ಕೇಳಿ. ಉಳಿದ ಆಸೆಗಳಿಗೆಲ್ಲ ಹತ್ತು, ಇಪ್ಪತ್ತು ಇಟ್ಟಿರುವಾಗ ಉತ್ತರ ಸಾವಿರ ದಾಟಿದ್ದರೆ ಯಾರದ್ದೋ ನಿದ್ದೆ ಹೋಗಿದೆ ಎಂದೇ ಲೆಕ್ಕ.

ದೀಪಾವಳಿಗೆ ಯಾರು ಮನೆಯಲ್ಲಿ?

ವಾರ್ಡ್‌ಗೆ ಏಳನೇ ಸಿಸ್ಟರ್ ಬಂದರು ಅಂದುಕೊಳ್ಳಿ. ಈಗ ದಿನಕ್ಕೆ ಇಬ್ಬರಿಗೆ ಆಫ್ ಕೊಡಬಹುದು. ಒಂದು ವಾರದ ಚಾರ್ಟ್ ಎಂದರೆ 49 ಖಾನೆ, ಪ್ರತಿಯೊಂದಕ್ಕೂ ಬೆಳಗ್ಗೆ, ಮಧ್ಯಾಹ್ನ, ನೈಟ್, ಆಫ್ ಎಂಬ ನಾಲ್ಕು ಆಯ್ಕೆ. ಒಟ್ಟು ಜೋಡಣೆಗಳನ್ನು ಎಣಿಸಿದರೆ 30 ಅಂಕಿಯ ಸಂಖ್ಯೆ ಬರುತ್ತದೆ. ಸಾಲ್ವರ್ ಅವನ್ನೆಲ್ಲ ಒಂದೊಂದಾಗಿ ನೋಡುವುದಿಲ್ಲ. ಒಬ್ಬರಿಗೆ ಮಂಗಳವಾರ ನೈಟ್ ಎಂದು ಇಟ್ಟ ಕೂಡಲೇ ಬುಧವಾರ ಅವರ ಬೆಳಗ್ಗೆ, ಮಧ್ಯಾಹ್ನ ಎರಡನ್ನೂ ಹೊಡೆದುಹಾಕುತ್ತದೆ, ಅದರಿಂದ ಇನ್ನಷ್ಟು ಖಾನೆಗಳು ತಾವಾಗಿಯೇ ತೀರ್ಮಾನವಾಗುತ್ತವೆ. ಎಲ್ಲಾದರೂ ಸಿಕ್ಕಿಬಿದ್ದರೆ ಯಾಕೆ ಸಿಕ್ಕಿಬಿದ್ದೆ ಎಂಬುದನ್ನು ನೆನಪಿಟ್ಟು ಹಿಂದೆ ಬರುತ್ತದೆ. ಸುಡೊಕು ಬಿಡಿಸುವವರಿಗೆ ಇದು ಹೊಸದೇನಲ್ಲ.

ದೀಪಾವಳಿಯ ದಿನ ಮೂವರು ಆಫ್ ಕೇಳಿದ್ದಾರೆ. ಒಬ್ಬರ ಊರು ರುದ್ರಪಟ್ಟಣ, ಇನ್ನೊಬ್ಬರದು ಹೊಳೆನರಸೀಪುರ, ಮತ್ತೊಬ್ಬರದು ಚನ್ನರಾಯಪಟ್ಟಣ. ಅರಕಲಗೂಡಿನ ಸಿಸ್ಟರ್ ಏನೂ ಕೇಳಿಲ್ಲ. ಕೇಳಿದ ರಜೆ ಸಿಗದಿದ್ದರೆ 10 ದಂಡ, ಸತತ ಎರಡನೇ ನೈಟ್ ಬಿದ್ದರೆ 4 ದಂಡ ಎಂದು ಹೆಡ್ ಸಿಸ್ಟರ್ ಬರೆದುಕೊಟ್ಟರು.

ಸಾಲ್ವರ್ ತಟ್ಟನೆ ಉತ್ತರ ಕೊಟ್ಟಿತು: ರುದ್ರಪಟ್ಟಣದ ಸಿಸ್ಟರ್‌ಗೆ ಹಬ್ಬದ ಹಿಂದಿನ ರಾತ್ರಿ ನೈಟ್, ಹಬ್ಬದ ದಿನ ಆಫ್. ಇನ್ನೊಬ್ಬರಿಗೂ ಆಫ್, ಮೂರನೆಯವರಿಗೆ ಇಲ್ಲ. ಒಟ್ಟು ದಂಡ ಬರೀ 10. ಅದರ ಲೆಕ್ಕದಲ್ಲಿ ರುದ್ರಪಟ್ಟಣದವರ ಆಸೆ ಈಡೇರಿದೆ. ಆದರೆ ಅವರು ಬೆಳಗ್ಗೆ 8ಕ್ಕೆ ಡ್ಯೂಟಿ ಮುಗಿಸಿ, ಬಸ್ ಹಿಡಿದು ಊರು ಸೇರಿ ಮಲಗಿದರೆ ಹಬ್ಬ ಮುಗಿದೇ ಹೋಗಿರುತ್ತದೆ. ಸಾಲ್ವರ್ ಮೋಸ ಮಾಡಿಲ್ಲ, ನಾವು ಹೇಳಿದ್ದೇ ತಪ್ಪು. ರಜೆ ಕೇಳಿದರೆ ಹಿಂದಿನ ರಾತ್ರಿಯ ನೈಟೂ ಬೇಡ ಎಂದರ್ಥ ಎಂಬುದನ್ನು ಬರೆದೇ ಹೇಳಬೇಕು. ಚಾರ್ಟ್ ಹಾಕುವ ಯಾವ ಸಿಸ್ಟರ್‌ಗೂ ಇದನ್ನು ಹೇಳಿಕೊಡಬೇಕಾಗಿಲ್ಲ, ತಂತ್ರಾಂಶ ಬರೆಯುವ ಹುಡುಗರಿಗೆ ಹೇಳಲೇಬೇಕು.

ಅದನ್ನು ಸೇರಿಸಿದ ಮೇಲೆ ಹಿಂದಿನ ರಾತ್ರಿಯ ನೈಟ್ ಅರಕಲಗೂಡಿನವರಿಗೆ ಹೋಯಿತು. ಮುಂದೆ ಎರಡು ದಾರಿ. ಅವರಿಗೆ ಹಬ್ಬದ ದಿನ ಆಫ್ ಕೊಟ್ಟರೆ ಕೇಳಿದ ಮೂವರಲ್ಲಿ ಒಬ್ಬರಿಗೆ ಮಾತ್ರ ಜಾಗ, ಇಬ್ಬರಿಗೆ ಇಲ್ಲ, ದಂಡ 20. ಅವರಿಂದಲೇ ಎರಡನೇ ನೈಟ್ ಮಾಡಿಸಿದರೆ ಇಬ್ಬರಿಗೆ ಆಫ್, ಒಬ್ಬರಿಗೆ ಇಲ್ಲ, ದಂಡ 4 ಮತ್ತು 10 ಸೇರಿ 14. ಸಾಲ್ವರ್ ಎರಡನೆಯದನ್ನೇ ಆರಿಸುತ್ತದೆ. ಎರಡನೇ ನೈಟ್‌ನ ದಂಡ 4ರ ಬದಲು 12 ಎಂದಿದ್ದರೆ? ಆಗ 22 ಆಗುತ್ತದೆ, 20ರ ದಾರಿಯೇ ಗೆಲ್ಲುತ್ತದೆ. ಯಾರು ಮನೆಯಲ್ಲಿ ದೀಪ ಹಚ್ಚುತ್ತಾರೆ ಎಂಬುದನ್ನು ತೀರ್ಮಾನಿಸಿದ್ದು ಹೆಡ್ ಸಿಸ್ಟರ್ ಬರೆದ ಒಂದು ಅಂಕಿ. ಶಿಫಾರಸು ಹೋಗಿಲ್ಲ, ಅದು ಅಂಕಿಯ ವೇಷ ಹಾಕಿಕೊಂಡು ಒಳಗೆ ಕೂರಬಹುದು. ಹಾಗಾಗಿ ಚಾರ್ಟ್ ಜೊತೆಗೆ ಈ ಅಂಕಿಗಳ ಪಟ್ಟಿಯನ್ನೂ ನೋಟಿಸ್ ಬೋರ್ಡ್‌ಗೆ ಅಂಟಿಸಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಇನ್ನೊಂದು ಪ್ರಶ್ನೆ ಉಳಿಯಿತು. ಮೂವರಲ್ಲಿ ರಜೆ ತಪ್ಪಿದ್ದು ಯಾರಿಗೆ? ಮೂವರಿಗೂ 10 ಇರುವುದರಿಂದ ಸಾಲ್ವರ್‌ಗೆ ಎಲ್ಲರೂ ಒಂದೇ. ಯಾರೋ ಒಬ್ಬರನ್ನು ಬಿಡುತ್ತದೆ, ಪಟ್ಟಿ ಅದೇ ಇದ್ದರೆ ಮುಂದಿನ ಸಲವೂ ಅವರನ್ನೇ ಬಿಟ್ಟರೆ ಆಶ್ಚರ್ಯವಿಲ್ಲ. ಹೋದ ಹಬ್ಬಕ್ಕೆ ರಜೆ ಸಿಗದವರಿಗೆ ಈ ಸಲ 10ರ ಬದಲು 15 ಎಂದು ಏರಿಸಿದರೆ ಸರದಿ ತಿರುಗುತ್ತದೆ. ಕಂಪ್ಯೂಟರ್‌ಗೆ ಹಿಂದಿನದು ನೆನಪಿರಬೇಕು ಎಂದರೆ ಹಿಂದಿನದನ್ನು ಅದಕ್ಕೆ ಕೊಡಬೇಕು.

ಈ ಮರೆವು ರಜೆಗಿಂತ ದೊಡ್ಡ ಅನಾಹುತವನ್ನೂ ಮಾಡುತ್ತದೆ. ಚಾರ್ಟ್ ತಿಂಗಳಿಗೊಂದು. ಹೊಸ ಚಾರ್ಟ್ 1ನೇ ತಾರೀಖಿನಿಂದ ಶುರು. 31ರ ರಾತ್ರಿ ಯಾರು ನೈಟ್ ಮಾಡಿದರು ಎಂಬುದು ಹಳೆಯ ಚಾರ್ಟ್‌ನಲ್ಲಿದೆ, ಸಾಲ್ವರ್ ಅದನ್ನು ನೋಡಿಯೇ ಇಲ್ಲ. ಅದು ನಿಶ್ಚಿಂತೆಯಿಂದ ಅವರಿಗೇ 1ನೇ ತಾರೀಖು ಬೆಳಗ್ಗೆ 8ರ ಡ್ಯೂಟಿ ಹಾಕಬಹುದು. ನಿಯಮ ಮುರಿದಿಲ್ಲ ಎಂದೇ ಅದರ ವರದಿ, ಸಿಸ್ಟರ್ ಮಾತ್ರ 18 ಗಂಟೆ ನಿಂತಿರುತ್ತಾರೆ. ನರ್ಸ್‌ಗಳ ಚಾರ್ಟ್ ಹಾಕುವುದಕ್ಕೆಂದೇ 2010ರಲ್ಲಿ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ನಡೆದಿತ್ತು. 2014-15ರ ಎರಡನೇ ಸ್ಪರ್ಧೆಯಲ್ಲಿ ಒಂದೊಂದೇ ವಾರವನ್ನು ಬಿಡಿಸಬೇಕು, ಹಿಂದಿನ ವಾರದ ಕೊನೆಯ ಡ್ಯೂಟಿಯನ್ನು ಹೊತ್ತುಕೊಂಡೇ ಮುಂದಿನದಕ್ಕೆ ಹೋಗಬೇಕು ಎಂಬ ಷರತ್ತು ಇಟ್ಟಿದ್ದರು.

ನಿಮ್ಮ ಮನೆಯಲ್ಲಿ ಯಾರಾದರೂ ಸಿಸ್ಟರ್ ಇದ್ದು, ಅವರ ಆಸ್ಪತ್ರೆಗೆ ಇಂಥ ಚಾರ್ಟ್ ಬಂದಿದ್ದರೆ ಹೊಸ ಚಾರ್ಟ್‌ನ ಮೊದಲ ಎರಡು ದಿನವನ್ನೂ ಹಳೆಯದರ ಕೊನೆಯ ಎರಡು ದಿನವನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ಹಾಗೆಯೇ ಅವರಿಗೆ ಸಿಕ್ಕ ಆಫ್‌ಗಳಲ್ಲಿ ನೈಟ್ ಮರುದಿನದವು ಎಷ್ಟು, ಇಡೀ ದಿನದವು ಎಷ್ಟು ಎಂದು ಬೇರೆ ಬೇರೆ ಎಣಿಸಲಿ.