ಹುಡುಕಲು ಬಾರದ ಪುಸ್ತಕ

ಪುಟಗಳ ಚಿತ್ರ ತೆಗೆದು, ಅವನ್ನೆಲ್ಲ ಒಂದೇ ಪಿಡಿಎಫ್‌ನಲ್ಲಿ ಪೋಣಿಸಿ, ‘ಪುಸ್ತಕವನ್ನು ಡಿಜಿಟಲೀಕರಿಸಿದ್ದೇವೆ’ ಎಂದು ಪ್ರಕಟಿಸುವ ರೂಢಿ ನಮ್ಮ ಸಂಘಗಳಲ್ಲಿ ಬೇರೂರಿದೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಹಾಗೆ ಪೋಣಿಸಿದ್ದು ಛಾಯಾಚಿತ್ರಗಳ ಕಟ್ಟು ಮಾತ್ರ. ಮನ್ಮಾಡಿನಂಥ ಊರಿನಲ್ಲಿರುವ ಕನ್ನಡಿಗನಿಗೆ ಮೂಲಪ್ರತಿಯಿರುವ ಗ್ರಂಥಾಲಯ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಅವನ ಕೈಗೆ ಸಿಗುವುದು ಈ ಕಡತವೊಂದೇ. ಅದರಲ್ಲಿ ತನ್ನ ಊರಿನ ಹೆಸರನ್ನು ಹುಡುಕಲು ಅವನಿಗೆ ಸಾಧ್ಯವಾಗಬೇಕು.

ನಮ್ಮ ಬಳಗಕ್ಕೆ ಬಂದ ಒಂದು ಕಡತವನ್ನೇ ನೋಡೋಣ. ಅದು ಹೊರನಾಡಿನ ಸಂಘವೊಂದರ 184 ಪುಟಗಳ ಹಳೆಯ ಸ್ಮರಣ ಸಂಚಿಕೆ. ‘ಹುಡುಕಬಹುದಾದ ಪ್ರತಿ’ ಎಂಬ ಒಕ್ಕಣೆಯೂ ಜೊತೆಗಿತ್ತು. ‘ಸಂಘ’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಒಂದು ಸಾಲನ್ನು ಆಯ್ದು, ನಕಲಿಸಿ, ಖಾಲಿ ಪುಟಕ್ಕೆ ಅಂಟಿಸಿದಾಗ ಕಾರಣ ತಿಳಿಯಿತು. ಅಲ್ಲಿ ಮೂಡಿದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಭಾಷೆ ಯಾವುದೆಂದು ಹೇಳದಿದ್ದರೆ ಅಕ್ಷರ ಗುರುತಿಸುವ ತಂತ್ರಾಂಶ ಇಂಗ್ಲಿಷ್ ಎಂದೇ ಭಾವಿಸುತ್ತದೆ. ಕನ್ನಡದ ದುಂಡು ಅಕ್ಷರಗಳನ್ನು ತನಗೆ ತಿಳಿದ ಲಿಪಿಗೆ ಬಲವಂತವಾಗಿ ಹೊಂದಿಸುತ್ತದೆ. ಇಂಥ ಪ್ರತಿ ಬರಿಯ ಚಿತ್ರಗಳ ಕಟ್ಟಿಗಿಂತಲೂ ಕೆಟ್ಟದ್ದು. ಹುಡುಕಿ ಸಿಗದಿದ್ದಾಗ ಓದುಗನು ಆ ವಿಷಯವೇ ಪುಸ್ತಕದಲ್ಲಿ ಇಲ್ಲವೆಂದು ನಂಬಿಬಿಡುತ್ತಾನೆ.

ಮೂಲ ಚಿತ್ರಗಳು ದೊರೆತದ್ದರಿಂದ ಕೆಲಸವನ್ನು ಮೊದಲಿನಿಂದ ಮಾಡಲು ಸಾಧ್ಯವಾಯಿತು. ಮೊದಲು ಹೆಸರುಗಳನ್ನು ಸರಿಪಡಿಸಬೇಕಾಯಿತು. ಚಿತ್ರಗಳಿಗೆ 1, 2, 3 ಎಂದಷ್ಟೇ ಹೆಸರಿದ್ದರೆ ಗಣಕವು 1ರ ಬಳಿಕ 10ನ್ನೂ 100ನ್ನೂ ಇಟ್ಟು, 2ನ್ನು ಎಲ್ಲೋ ಹಿಂದಕ್ಕೆ ತಳ್ಳುತ್ತದೆ. 001, 002 ಎಂದು ಸಮಾನ ಅಂಕಿಗಳಿದ್ದರೆ ಪುಟಗಳು ಸಾಲಾಗಿ ಬರುತ್ತವೆ. ಅನಂತರ ಬೇಕಾದದ್ದು ಎರಡೇ ಆದೇಶ:

```
img2pdf *.jpg -o katte.pdf
ocrmypdf -l kan --deskew --sidecar pathya.txt katte.pdf sanchike.pdf
```

ಮೊದಲನೆಯದು ಚಿತ್ರಗಳ ಗುಣ ಕುಂದದಂತೆ ಅವನ್ನು ಒಂದೇ ಕಡತದಲ್ಲಿ ಸೇರಿಸುತ್ತದೆ. ಎರಡನೆಯದು ಓರೆಯಾದ ಪುಟಗಳನ್ನು ನೇರಗೊಳಿಸಿ, ಟೆಸರ್ಯಾಕ್ಟ್ ಎಂಬ ಉಚಿತ ತಂತ್ರಾಂಶದಿಂದ ಓದಿಸಿ, ಓದಿದ್ದನ್ನು ಪ್ರತಿ ಪುಟದಲ್ಲೂ ಕಣ್ಣಿಗೆ ಕಾಣದ ಪದರವಾಗಿ ಸೇರಿಸುತ್ತದೆ. ಓದಿದ ಪಠ್ಯವನ್ನು ಬೇರೆ ಕಡತದಲ್ಲಿಯೂ ಬರೆದಿಡುತ್ತದೆ. `-l kan` ಎಂಬುದೇ ಇಲ್ಲಿನ ಜೀವಾಳ. ಟೆಸರ್ಯಾಕ್ಟ್‌ನ ಕನ್ನಡ ದತ್ತಾಂಶವನ್ನು ಮುಂಚೆಯೇ ಗಣಕದಲ್ಲಿ ಸ್ಥಾಪಿಸಿರಬೇಕು. ಮೂಲ ಚಿತ್ರಗಳು ಕಳೆದುಹೋಗಿ ಕೆಟ್ಟ ಪದರವಿರುವ ಪಿಡಿಎಫ್ ಮಾತ್ರ ಉಳಿದಿದ್ದರೆ, `--deskew` ಬದಲಿಗೆ `--redo-ocr` ಎಂದು ಬರೆದರೆ ಹಳೆಯ ಪದರ ಹೋಗಿ ಹೊಸದು ಬರುತ್ತದೆ.

‘ಯಂತ್ರ ಕನ್ನಡವನ್ನು ತಪ್ಪಾಗಿ ಓದುತ್ತದೆ, ಆದ್ದರಿಂದ ಬೇಡ’ ಎಂಬುದು ನಮಗೆ ಎದುರಾಗುವ ಆಕ್ಷೇಪ. ತಪ್ಪಾಗಿ ಓದುವುದು ನಿಜ. ಸಂಚಿಕೆಯನ್ನು ಹೊಸದಾಗಿ ಓದಿಸಿದ ಮೇಲೂ ಕೆಲವು ಪುಟಗಳಲ್ಲಿ ‘ಸಂಘ’ ಸಿಗಲಿಲ್ಲ. ಅನುಸ್ವಾರವನ್ನು ಕನ್ನಡದ ಸೊನ್ನೆಯೆಂದು ಬಗೆದು ‘ಸ೦ಘ’ ಎಂದು ಬರೆದಿತ್ತು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಎರಡೂ ಬೇರೆ. ‘ಮ’ವನ್ನು ‘ವು’ ಎಂದು ಓದಿದ್ದರಿಂದ ‘ಮನ್ಮಾಡ’ವು ಒಂದೆಡೆ ‘ವುನ್ಮಾಡ’ವಾಗಿತ್ತು. ವಾಟ್ಸ್ಯಾಪ್‌ನಲ್ಲಿ ಹಾದು ಕುಗ್ಗಿಬಂದ ಚಿತ್ರಗಳಲ್ಲಿ ಒತ್ತಕ್ಷರಗಳೇ ಕಲಸಿಹೋಗಿದ್ದವು. ಆದ್ದರಿಂದಲೇ ಪುಟಗಳನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಮೂಲ ಕಡತವನ್ನೇ ಕಳುಹಿಸಬೇಕು.

ಆದರೆ ಈ ತಪ್ಪುಗಳು ಓದಿಗೆ ಅಡ್ಡಬರುವುದಿಲ್ಲ. ಓದುಗನ ಕಣ್ಣ ಮುಂದಿರುವುದು ಮೂಲ ಪುಟದ ಚಿತ್ರವೇ. ಅಡಗಿದ ಪದರ ಅವನನ್ನು ಪುಟಕ್ಕೆ ತಲುಪಿಸಿದರೆ ಸಾಕು. ಪೂರ್ತಿ ಪದ ಸಿಗದಿದ್ದರೆ ‘ನ್ಮಾಡ’ ಎಂಬ ತುಣುಕನ್ನು ಹುಡುಕಿದರೂ ಆ ಪುಟ ಸಿಗುತ್ತದೆ. ಹತ್ತರಲ್ಲಿ ಎರಡು ಪದ ತಪ್ಪಿದ ಸೂಚಿಯೂ ಸೂಚಿಯೇ ಇಲ್ಲದ 184 ಪುಟಗಳಿಗಿಂತ ಮೇಲು. ಈ ಪದರವನ್ನು ಪರಿಷ್ಕೃತ ಪಠ್ಯವೆಂದು ಯಾರೂ ಉದ್ಧರಿಸಬಾರದು, ಅಷ್ಟೆ. ಪ್ರತ್ಯೇಕ ಪಠ್ಯ ಕಡತವನ್ನು ತಿದ್ದಿದರೆ ಪಿಡಿಎಫ್‌ನೊಳಗಿನ ಪದರ ತಾನಾಗಿ ತಿದ್ದಿಕೊಳ್ಳುವುದಿಲ್ಲ. ತಿದ್ದಿದ ಪಠ್ಯವನ್ನು ಜೊತೆಯಲ್ಲಿಯೇ ಪ್ರಕಟಿಸುವುದು ಸರಿಯಾದ ಕ್ರಮ.

ಹೀಗಾಗಿ ಸಂಘಗಳಿಂದ ನಾವು ಕೇಳುವುದು ಒಂದು ಪರೀಕ್ಷೆಯನ್ನು ಮಾತ್ರ. ಆದೇಶ ಯಶಸ್ವಿಯಾಯಿತೆಂದು ಗಣಕ ಹೇಳಿದರೆ ನಂಬಬೇಡಿ. ಇಂಗ್ಲಿಷಿನಲ್ಲಿ ಓದಿದಾಗಲೂ ಅದು ಹಾಗೆಯೇ ಹೇಳುತ್ತದೆ. ಮೊದಲು, ನಡು, ಕೊನೆಯ ಒಂದೊಂದು ಪುಟದಿಂದ ಒಂದೊಂದು ಸಾಲನ್ನು ನಕಲಿಸಿ ಅಂಟಿಸಿರಿ. ಏನೂ ಬಾರದಿದ್ದರೆ ಅದು ಬರಿಯ ಚಿತ್ರ. ಇಂಗ್ಲಿಷ್ ಅಕ್ಷರ ಬಂದರೆ ಭಾಷೆ ತಪ್ಪಿದೆ. ತಪ್ಪುಗಳಿದ್ದರೂ ಕನ್ನಡ ಬಂದರೆ ಪ್ರಕಟಿಸಿರಿ. ಐದು ನಿಮಿಷದ ಈ ಪರೀಕ್ಷೆಗೆ ಪುರುಸೊತ್ತಿಲ್ಲದವರು ‘ಹುಡುಕಬಹುದಾದ ಪ್ರತಿ’ ಎಂಬ ಒಕ್ಕಣೆಯನ್ನು ತೆಗೆದುಹಾಕಲಿ.