ನೋಡೋಕೆ ಕರ್ಕೊಂಡು ಹೋಗಬೇಡಿ, ಪರ್ಸ್ ಕೈಗೆ ಕೊಡಿ

ಹಾವೇರಿ ಕಡೆಯ ನಮ್ಮಕ್ಕನ ಮಗಳಿಗೆ ಹದಿನೈದು ವರ್ಷ. ದಸರಾ ರಜೆಯಲ್ಲಿ ಮನೆಯವರೆಲ್ಲ ಟೆಂಪೋ ಮಾಡಿಕೊಂಡು ನಾಲ್ಕು ದೇವಸ್ಥಾನ, ಎರಡು ಜಲಪಾತ, ಒಂದು ಅರಮನೆ ನೋಡಿ ಬರುವುದೆಂದು ಮಾತಾಗಿತ್ತು. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: "ನಾ ಬರಂಗಿಲ್ಲ. ಇಳಿ ಅಂದ್ರ ಇಳೀಬೇಕು, ನೋಡು ಅಂದ್ರ ನೋಡಬೇಕು, ಹತ್ತು ಅಂದ್ರ ಹತ್ತಬೇಕು. ಅದಕ್ಕಿಂತ ಮನ್ಯಾಗ ಮಲಗೂದು ಚಲೋ."

ಅಕ್ಕನಿಗೆ ಸಿಟ್ಟು ಬಂತು. ನನಗೆ ಮಾತ್ರ ಹುಡುಗಿ ಹೇಳಿದ್ದು ಸರಿ ಅನ್ನಿಸಿತು. ಅವಳಿಗೆ ಬೇಸರ ತಂದಿದ್ದು ಜಾಗಗಳಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಅವಳಿಗೆ ನಿರ್ಧರಿಸಲು ಒಂದು ವಿಷಯವೂ ಇಲ್ಲದಿರುವುದು. ಊಟ ಯಾವಾಗ, ಎಲ್ಲಿ, ಎಷ್ಟರದು, ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸಿದರೆ ಆ ವಯಸ್ಸಿನವರಿಗೆ ಪ್ರವಾಸ ಅನ್ನುವುದು ಕಿಟಕಿ ಪಕ್ಕದ ಸೀಟು ಅಷ್ಟೇ.

ಹಾಗಾಗಿ ಅವಳನ್ನು ನಾನು ಬೇರೆಯಾಗಿ ಕರೆದುಕೊಂಡು ಹೋದೆ. ಮೂರು ರಾತ್ರಿ, ನಾಲ್ಕು ದಿನ, ಕುಮಟಾ ಮತ್ತು ಗೋಕರ್ಣ. ಹೋಗುವ ಮೊದಲು ಒಪ್ಪಂದ ಮಾಡಿಕೊಂಡೆವು. ಮೂರು ವಿಷಯ ಅವಳ ಕೈಯಲ್ಲಿ: ಹಣ, ದಾರಿ, ಊಟ. ಮೂರು ವಿಷಯ ನನ್ನ ಕೈಯಲ್ಲಿ: ಸಮುದ್ರಕ್ಕೆ ಎಷ್ಟು ಇಳಿಯಬೇಕು, ಕತ್ತಲಾಗುವ ಮೊದಲು ಎಲ್ಲಿರಬೇಕು, ರಾತ್ರಿ ಎಲ್ಲಿ ಉಳಿಯಬೇಕು. ಅವಳ ಮೂರರಲ್ಲಿ ನಾನು ಬಾಯಿ ಹಾಕುವಂತಿಲ್ಲ, ನನ್ನ ಮೂರರಲ್ಲಿ ಅವಳು ವಾದ ಮಾಡುವಂತಿಲ್ಲ.

"ಹೆಣ್ಣುಮಕ್ಕಳಿಬ್ಬರೇ ಹೊಂಟೀರೇನು?" ಎಂದು ಓಣಿಯವರು ಕೇಳಿದರು. ಹೌದು, ಇಬ್ಬರೇ. ಅದಕ್ಕೇ ಬಸ್ಸಿನ ಖರ್ಚೂ ಇರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರಿಸಬೇಕು, ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಇಳಿಯುವ ತನಕ ಇಟ್ಟುಕೊಳ್ಳಬೇಕು. ಖಾಸಗಿ ಬಸ್ಸು, ಆಟೋ, ದೋಣಿಗೆ ಇದು ನಡೆಯುವುದಿಲ್ಲ.

ಲಾಡ್ಜಿನ ಹಣ ನಾನೇ ಇಟ್ಟುಕೊಂಡೆ. ಉಳಿದಂತೆ ಇಬ್ಬರ ಊಟ, ಚಹಾ, ಆಟೋ, ದೋಣಿಗೆಂದು ನಾಲ್ಕು ದಿನಕ್ಕೆ 2,400 ರೂಪಾಯಿ ಎಣಿಸಿ ಅವಳ ಪರ್ಸಿಗೆ ಹಾಕಿದೆ. ದಿನಕ್ಕೆ 600. ಉಳಿದರೆ ಅವಳದು, ಮುಗಿದರೆ ನಾನು ಕೊಡುವುದಿಲ್ಲ. ನೋಟಾಗಿಯೇ ಕೊಟ್ಟೆ, ಫೋನಿಗೆ ಹಾಕಲಿಲ್ಲ. ಪರ್ಸ್ ತೆಳ್ಳಗಾಗುವುದು ಕಣ್ಣಿಗೆ ಕಾಣುತ್ತದೆ, ಫೋನಿನಲ್ಲಿ ಅದು ಕಾಣುವುದಿಲ್ಲ.

ಮೊದಲ ದಿನ ಹಾನಗಲ್ಲಿನಿಂದ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ. ಯಾವ ಬಸ್ಸು, ಎಲ್ಲಿ ಬದಲಿಸಬೇಕು ಎಂದು ಕೇಳುವ ಕೆಲಸ ಅವಳದು. ಶಿರಸಿ ನಿಲ್ದಾಣದಲ್ಲಿ ಹತ್ತು ನಿಮಿಷ ಬೋರ್ಡು ನೋಡುತ್ತ ನಿಂತಳು. ಯಾರನ್ನೂ ಕೇಳಲು ನಾಚಿಕೆ. ಒಂದು ಬಸ್ಸು ಕಣ್ಣೆದುರೇ ಹೋಯಿತು. ನಾನು ಸುಮ್ಮನಿದ್ದೆ, ಅದು ಸುಲಭವಿರಲಿಲ್ಲ. ಕೊನೆಗೆ ವಿಚಾರಣೆ ಕಿಟಕಿಗೆ ಹೋಗಿ ಕೇಳಿ ಬಂದಳು. ಆಮೇಲೆ ಊರು ಮುಟ್ಟುವ ತನಕ ಅವಳು ಯಾರನ್ನು ಕೇಳಲೂ ಹಿಂಜರಿಯಲಿಲ್ಲ. ಆ ದಿನ 450 ರೂಪಾಯಿ ಖರ್ಚಾಯಿತು.

ಎರಡನೇ ದಿನ ಗೋಕರ್ಣಕ್ಕೆ ಹೋಗಬೇಕು. ಹೆದ್ದಾರಿಯ ಮೇಲೆ ಬಸ್ಸಿದೆ. ಇನ್ನೊಂದು ದಾರಿಯೂ ಇದೆ: ಕುಮಟಾದಿಂದ ಅಘನಾಶಿನಿ ಊರಿಗೆ ಹೋಗಿ, ಹೊಳೆ ಸಮುದ್ರ ಸೇರುವಲ್ಲಿ ದೋಣಿ ಹತ್ತಿ, ಆಚೆ ದಡದ ತದಡಿಯಲ್ಲಿ ಇಳಿದು ಗೋಕರ್ಣ ಸೇರುವುದು. ಅವಳು ದೋಣಿ ಅಂದಳು. ಜನ, ಬೈಕು, ಮೀನಿನ ಬುಟ್ಟಿ ಎಲ್ಲ ಒಂದೇ ದೋಣಿಯಲ್ಲಿ. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಸಿಹಿನೀರು, ಉಪ್ಪುನೀರು ಎರಡೂ ಇಲ್ಲಿ ಸಹಜವಾಗಿ ಬೆರೆಯುತ್ತವೆ. ನೀರು ಇಳಿದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಹೊಳೆಯಲ್ಲಿ ಸೊಂಟದ ತನಕ ನಿಂತು ಚಿಪ್ಪಿ ಹೆಕ್ಕುತ್ತಾರೆ. ಇಲ್ಲಿನವರು ಅದಕ್ಕೆ ಬೆಳಚು ಅನ್ನುತ್ತಾರೆ. "ಚಿಗವ್ವಾ, ಇದನ್ನ ತಿಂತಾರ?" ಎಂದು ಅವಳು ಕೇಳಿದ್ದು ನನ್ನನ್ನಲ್ಲ, ದೋಣಿಯಲ್ಲಿದ್ದ ಮೀನಿನ ಅಮ್ಮನನ್ನು ನೋಡುತ್ತ. ತೆಂಗಿನಕಾಯಿ ಹಾಕಿ ಹೇಗೆ ಮಾಡುವುದೆಂದು ಆ ಅಮ್ಮ ದಡ ಮುಟ್ಟುವ ತನಕ ವಿವರಿಸಿದರು. ನಾವು ಅದನ್ನೊಂದು ನೋಡುವ ಜಾಗ ಎಂದು ತೋರಿಸಿದ್ದರೆ ಇವಳು ತಲೆಯೆತ್ತುತ್ತಿರಲಿಲ್ಲ.

ಅವತ್ತೇ ದೊಡ್ಡ ತಪ್ಪೂ ಆಯಿತು. ಮಧ್ಯಾಹ್ನ ಮೀನೂಟದ ಹೋಟೆಲಿನಲ್ಲಿ ಬೋರ್ಡಿನ ಮೇಲೆ ಊಟದ ದರ ಇತ್ತು, ಫ್ರೈ ದರ ಇರಲಿಲ್ಲ. ಇವಳು ಇಸವಾಣ ಫ್ರೈ ಹೇಳಿಬಿಟ್ಟಳು. ಕರಾವಳಿಯಲ್ಲಿ ಇಸವಾಣ, ಪಾಂಫ್ರೆಟ್‌ನಂಥ ದೊಡ್ಡ ಮೀನಿಗೆ ತುಂಡಿನ ಗಾತ್ರದ ಮೇಲೆ, ಆ ದಿನದ ಪೇಟೆ ಮೇಲೆ ಬೆಲೆ. ಅದಕ್ಕೇ ಬೋರ್ಡಿನಲ್ಲಿ ಬರೆದಿರುವುದಿಲ್ಲ. ಮೊದಲು ಕೇಳಬೇಕು. ಬಂಗಡೆಯೋ ತಾರ್ಲೆಯೋ ಹೇಳಿದ್ದರೆ ಅರ್ಧ ದುಡ್ಡಿನಲ್ಲಿ ಮುಗಿಯುತ್ತಿತ್ತು. ಬಿಲ್ಲು ಬಂದಾಗ ಮುಖ ಸಣ್ಣದಾಯಿತು. ಸಂಜೆ ಕುಡ್ಲೆ ಬೀಚಿನ ಕೆಫೆಯಲ್ಲಿ ಪಾಸ್ತಾ ನೋಡಿದಾಗ ಅದೂ ಬೇಕೆನ್ನಿಸಿತು. ರಾತ್ರಿ ಎಣಿಸಿದರೆ ಒಂದೇ ದಿನಕ್ಕೆ 1,050 ಹೋಗಿತ್ತು. ಉಳಿದದ್ದು 900, ಇನ್ನೂ ಎರಡು ದಿನ ಇದೆ.

ನಾನು ಬೈಯಲಿಲ್ಲ, ಹಣವನ್ನೂ ಸೇರಿಸಲಿಲ್ಲ. ಈ ಎರಡರಲ್ಲಿ ಒಂದು ಮಾಡಿದ್ದರೂ ಪರ್ಸ್ ಮತ್ತೆ ನನ್ನದಾಗುತ್ತಿತ್ತು. ಅವಳೇ ಮೊಬೈಲಿನಲ್ಲಿ ಲೆಕ್ಕ ಬರೆದು, ನಾಳೆ ಬೆಳಗಿನ ತಿಂಡಿ ಬನ್ಸ್, ಮಧ್ಯಾಹ್ನ ಖಾನಾವಳಿ, ರಾತ್ರಿ ಅವಲಕ್ಕಿ ಎಂದು ತೀರ್ಮಾನಿಸಿದಳು. ಮೂರನೇ ದಿನಕ್ಕೆ 500, ವಾಪಸು ಬರುವ ದಿನಕ್ಕೆ 260. ಊರು ಮುಟ್ಟಿದಾಗ ಪರ್ಸಿನಲ್ಲಿ 140 ಉಳಿದಿತ್ತು.

ಈಗ ಸಾಹಸದ ಮಾತು. ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ನಾಲ್ಕು ಬೀಚುಗಳು ಸಾಲಾಗಿವೆ. ನಡುವೆ ಗುಡ್ಡದ ಮೂಗು ಸಮುದ್ರಕ್ಕೆ ಚಾಚಿದೆ. ಗುಡ್ಡ ಹತ್ತಿ ಇಳಿದರೆ ಮುಂದಿನ ಬೀಚು. ಒಂದೊಂದಕ್ಕೂ ಸುಮಾರು ಅರ್ಧ ಗಂಟೆ ನಡಿಗೆ. ಕುಡ್ಲೆಯಿಂದ ಓಂ ತನಕ ಸುಲಭ. ಹಾಫ್ ಮೂನ್ ದಾಟಿದ ಮೇಲೆ ಬಂಡೆಗಳ ಮೇಲೆ ಕಾಲಿಡಬೇಕು. ಅಂಗಡಿ ಕಡಿಮೆ, ಫೋನ್ ಸಿಗ್ನಲ್ ನಂಬುವಂತಿಲ್ಲ. ಚೀರೆಕಲ್ಲಿನ ಗುಡ್ಡದ ಮೇಲೆ ನೆರಳಿಲ್ಲ, ಹಾಗಾಗಿ ಬೆಳಗ್ಗೆ ಆರೂವರೆಗೇ ಹೊರಡಬೇಕು. ಒಬ್ಬರಿಗೆ ಎರಡು ಲೀಟರ್ ನೀರು, ಒಂದೆರಡು ಓಆರ್‌ಎಸ್ ಪೊಟ್ಟಣ, ಹಿಡಿತವಿರುವ ಶೂ. ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. ಏಪ್ರಿಲ್, ಮೇನಲ್ಲಿ ಬಿಸಿಲು ಸುಡುತ್ತದೆ. ದಸರಾ ರಜೆಯಿಂದ ಫೆಬ್ರವರಿ ತನಕ ಒಳ್ಳೆಯದು.

ಅವಳು ಮುಂದೆ, ನಾನು ಐವತ್ತು ಹೆಜ್ಜೆ ಹಿಂದೆ. ದಾರಿ ಕವಲಾದಲ್ಲಿ ಅವಳೇ ನಿರ್ಧರಿಸಬೇಕು, ಆದರೆ ನನ್ನ ಕಣ್ಣಿಗೆ ಕಾಣದಷ್ಟು ಮುಂದೆ ಹೋಗಬಾರದು. ಒಮ್ಮೆ ತಪ್ಪು ದಾರಿ ಹಿಡಿದು ಮುಳ್ಳಿನ ಪೊದೆಗೆ ಹೋಗಿ ವಾಪಸು ಬಂದಳು.

ಸಮುದ್ರದ ವಿಷಯದಲ್ಲಿ ಮಾತ್ರ ನಾನು ಬಿಗಿ. ನಮ್ಮ ಕಡೆಯ ಮಕ್ಕಳಿಗೆ ಕೆರೆ, ಬಾವಿ ಗೊತ್ತು. ಸಮುದ್ರ ಬೇರೆ. ದಡಕ್ಕೆ ಬಂದ ಅಲೆಯ ನೀರು ಮತ್ತೆ ಒಳಗೆ ಹೋಗಲು ಒಂದು ಕಾಲುವೆ ಮಾಡಿಕೊಳ್ಳುತ್ತದೆ. ಅಲ್ಲಿ ಸೆಳೆತ ಜೋರು. ಸುತ್ತ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ, ಕಪ್ಪಾಗಿ ಅಥವಾ ರಾಡಿಯಾಗಿ ಕಂಡರೆ ಅದೇ ಆ ಜಾಗ. ಶಾಂತವಾಗಿದೆ ಎಂದು ಜನ ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಬಡಿದಾಡಿ ದಣಿಯಬಾರದು. ತೇಲುತ್ತ ಕೈಯೆತ್ತಿ ಕೂಗಬೇಕು. ಈಜು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಬೇಕು. ಇವಳಿಗೆ ಈಜು ಬರುವುದಿಲ್ಲ, ಹಾಗಾಗಿ ಮೊಣಕಾಲಿನ ತನಕ ಮಾತ್ರ. ಬಂಡೆಯ ಮೇಲೆ ನಿಂತು ಅಲೆಗೆ ಬೆನ್ನು ಕೊಟ್ಟು ಸೆಲ್ಫಿ ಇಲ್ಲವೇ ಇಲ್ಲ.

ಹಾಫ್ ಮೂನ್ ಮುಟ್ಟಿದಾಗ ಎಂಟೂವರೆ. ಅಲ್ಲಿಂದ ಮುಂದೆ ಹೊರಟು ಸ್ವಲ್ಪ ದೂರದಲ್ಲೇ ಪಾಚಿಗಟ್ಟಿದ ಬಂಡೆಯ ಮೇಲೆ ಅವಳ ಕಾಲು ಜಾರಿ ಮೊಣಕಾಲು ತರಚಿತು. ಶೂ ಹಾಕು ಅಂದಿದ್ದರೂ ಹಾಕಿದ್ದು ಸಪಾಟು ಚಪ್ಪಲಿ. ರಕ್ತ ತೊಳೆದು ಕೂತೆವು. ಮುಂದೆ ಹೋಗುವುದೋ ಬೇಡವೋ, ದಾರಿ ಅವಳ ಪಾಲಿನದು. ಬಂಡೆಗಳನ್ನು ನೋಡಿದಳು, ಚಪ್ಪಲಿ ನೋಡಿದಳು. "ಹೋಗಬಹುದು, ಆದ್ರ ತಿರುಗಿ ಬರೂದು ಇದಾ ಬಂಡಿ ಮ್ಯಾಲ. ಹೊಳ್ಳೂಣು ಚಿಗವ್ವಾ," ಅಂದಳು.

ಹೀಗೆ ಪ್ಯಾರಡೈಸ್ ಬೀಚು ನಾವು ನೋಡಲೇ ಇಲ್ಲ. ಟೆಂಪೋ ಪ್ರವಾಸದ ಲೆಕ್ಕದಲ್ಲಿ ಇದು ನಷ್ಟ. ನನ್ನ ಲೆಕ್ಕದಲ್ಲಿ ಆ ನಾಲ್ಕು ದಿನದ ದೊಡ್ಡ ಲಾಭವೇ ಅದು. ಹದಿನೈದರ ಹುಡುಗಿ ಯಾರ ಒತ್ತಾಯವೂ ಇಲ್ಲದೆ, ವಾಪಸು ಬರುವ ದಾರಿಯನ್ನು ಮೊದಲು ಯೋಚಿಸಿ ಹಿಂದೆ ತಿರುಗಿದಳು.

"ಏನಾದ್ರೂ ಆಗಿದ್ರ?" ಎಂದು ಅಕ್ಕ ಈಗಲೂ ಕೇಳುತ್ತಾಳೆ. ಆ ಭಯ ಸುಳ್ಳಲ್ಲ. ಅದಕ್ಕೇ ಸಮುದ್ರ, ಕತ್ತಲೆ, ವಸತಿ ನನ್ನ ಕೈಯಲ್ಲಿದ್ದವು. ಆದರೆ ಇನ್ನು ಮೂರು ವರ್ಷಕ್ಕೆ ಇವಳು ಓದಲು ಧಾರವಾಡಕ್ಕೋ ಬೆಂಗಳೂರಿಗೋ ಒಬ್ಬಳೇ ಹೋಗುತ್ತಾಳೆ. ಮೊದಲ ಬಸ್ಸು ತಪ್ಪುವುದು, ಮೊದಲ ಬಿಲ್ಲಿನಲ್ಲಿ ಮೋಸ ಹೋಗುವುದು ಆಗ ಆಗುವುದಕ್ಕಿಂತ ಈಗ, ಐವತ್ತು ಹೆಜ್ಜೆ ಹಿಂದೆ ಚಿಗವ್ವ ಇರುವಾಗ ಆಗಲಿ.

ಗೋಕರ್ಣವೇ ಆಗಬೇಕೆಂದಿಲ್ಲ. ಹಣ ಕಡಿಮೆಯಿದ್ದರೆ ಒಂದು ದಿನ ಸಾಕು. 300 ರೂಪಾಯಿ ಕೊಟ್ಟು, ಹಿಂದೆಂದೂ ಹೋಗದ ತಾಲೂಕಿನ ಸಂತೆಗೆ ನಿಮ್ಮನ್ನು ಕರೆದುಕೊಂಡು ಹೋಗಲು ಅವರಿಗೇ ಹೇಳಿ. ಬಸ್ಸು ಅವರು ಕೇಳಲಿ, ಮಿರ್ಚಿ ಭಜಿ ಎಲ್ಲಿ ಚಲೋ ಎಂದು ಅವರೇ ಹುಡುಕಲಿ. ನೀವು ಹಿಂದೆ ನಡೆಯಿರಿ. ಬಸ್ಸು ತಪ್ಪಿದರೆ ಮುಂದಿನ ಬಸ್ಸಿನ ತನಕ ಬಾಯಿ ಮುಚ್ಚಿಕೊಂಡು ಕೂತಿರಿ. ಅದೇ ಕಷ್ಟದ ಕೆಲಸ, ಅದು ದೊಡ್ಡವರ ಪಾಲಿನದು.